ಅವರು 4 ಹಾಕಿಕೊಂಡಿದ್ದಾರೆ, ನಾನು 3 ಹಾಕಿದ್ದೇನೆ: ಅಪ್ರೈಸಲ್ ಮಾತು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಹೊಸ ಟೀಮ್ ಲೀಡ್): ಮುಂದಿನ ವಾರ ಮೊದಲ ಸಲ ಅಪ್ರೈಸಲ್ ಮೀಟಿಂಗ್ ನಡೆಸಬೇಕು. ಟೀಮಿನ ಒಬ್ಬರ ಕೆಲಸ ಚೆನ್ನಾಗಿದೆ, ಆದರೆ ತಿಂಗಳ ವರದಿ ಪದೇ ಪದೇ ತಡ. ತಮಗೆ ತಾವೇ 5ಕ್ಕೆ 4 ಹಾಕಿಕೊಂಡಿದ್ದಾರೆ, ನಾನು 3 ಹಾಕಿದ್ದೇನೆ. ಯಾವುದನ್ನು ಮೊದಲು ಹೇಳಲಿ? ಅವರು ಒಪ್ಪದಿದ್ದರೆ?

ಸೇಲ್ಸ್ ಮ್ಯಾನೇಜರ್: ಬಾಗಿಲು ಹಾಕಿದ ರೂಮು, ಫೋನ್ ಸೈಲೆಂಟ್. ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ. ಬೇಜಾರಾಗಲ್ಲ.

ಹೆಚ್‌ಆರ್‌ನಲ್ಲಿ ಬಹಳ ವರ್ಷ ಇರುವವರು: ರೂಮು, ಫೋನಿನ ಮಾತು ಸರಿ. ಹೊಗಳಿಕೆಯ ನಡುವೆ ತಪ್ಪನ್ನು ಇಡುವುದು ಬೇಡ. ಒಂದೆರಡು ಸಲ ಹೀಗೆ ಕೇಳಿದವರು ಹೊಗಳಿದ ತಕ್ಷಣ "ಆದರೆ" ಯಾವಾಗ ಬರುತ್ತದೆ ಎಂದು ಕಾಯುತ್ತಾರೆ. ಹೊಗಳಿಕೆಯೂ ನಾಟುವುದಿಲ್ಲ, ತಪ್ಪೂ ಸ್ಪಷ್ಟವಾಗುವುದಿಲ್ಲ.

ಶುರುವಿನಲ್ಲಿ ಎರಡೇ ನಿಮಿಷ ಸಾಕು. ಏನೇನು ಮಾತಾಡುತ್ತೇವೆ, ಎಷ್ಟು ಹೊತ್ತು, ನೀವು ನೋಟ್ಸ್ ಬರೆದುಕೊಳ್ಳುತ್ತೀರಿ ಎಂಬುದನ್ನು ಹೇಳಿ. ಆಮೇಲೆ ಮಾತು ಅವರಿಗೆ ಬಿಡಿ: "ಈ ವರ್ಷದ ಯಾವ ಕೆಲಸ ನಿಮಗೆ ತೃಪ್ತಿ ಕೊಟ್ಟಿತು? ಯಾವುದು ಅಂದುಕೊಂಡ ಹಾಗೆ ಆಗಲಿಲ್ಲ?" ಎರಡನೇ ಪ್ರಶ್ನೆಗೆ ಅವರೇ ವರದಿಯ ವಿಷಯ ಎತ್ತಿದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಎತ್ತದಿದ್ದರೆ ನೀವು ಹೇಳಿ, ಆದರೆ "ನೀವು ಯಾವಾಗಲೂ ತಡ" ಅನ್ನಬೇಡಿ. ಹಾಗೆ ಅಂದರೆ ತಡ ಮಾಡದ ಒಂದು ತಿಂಗಳನ್ನು ಹುಡುಕಿ ನಿಮ್ಮ ಮುಂದೆ ಇಡುತ್ತಾರೆ. ಯಾವ ತಿಂಗಳು, ಎಷ್ಟು ದಿನ ತಡ, ಅದರಿಂದ ಏನಾಯಿತು, ಅಷ್ಟೇ ಹೇಳಿ: "ಇಂಥಿಂಥ ಮೂರು ತಿಂಗಳ ವರದಿಗಳು ತಲಾ ನಾಲ್ಕು ದಿನ ತಡವಾಗಿ ಬಂದವು. ಬಿಲ್ಲಿಂಗ್‌ನವರು ಹಳೆಯ ಅಂಕಿ ಹಿಡಿದು ಕೆಲಸ ಮಾಡಬೇಕಾಯಿತು." ಇಲ್ಲಿ ನಿಲ್ಲಿಸಿ, ಸುಮ್ನೆ ಇರಿ. ಆ ಮೌನ ತಡೆಯಲಾಗದೆ ನಾವೇ ಮುಂದೆ ಮಾತಾಡಿಬಿಡುತ್ತೇವೆ. ಅವರು ಹೇಳಬೇಕಾದದ್ದು ಅಲ್ಲೇ ತಪ್ಪಿಹೋಗುತ್ತದೆ.

ಟೆಸ್ಟಿಂಗ್‌ನಲ್ಲಿರುವವರು: ನನಗೆ ರೇಟಿಂಗ್ 4 ಬಂತು, ಸಂಬಳ ಮಾತ್ರ ಹೆಚ್ಚಲಿಲ್ಲ. ಅದನ್ನು ಕೇಳೋದು ಹೇಗೆ, ಹೇಳಿ.

ಹೆಚ್‌ಆರ್‌ನವರು: ಅದಕ್ಕೆ ಬೇರೆ ದಿನ ಸಮಯ ಕೇಳಿ, ಅಪ್ರೈಸಲ್ ಜೊತೆ ಸೇರಿಸಬೇಡಿ. 1965ರಲ್ಲಿ ಪ್ರಕಟವಾದ ಜನರಲ್ ಎಲೆಕ್ಟ್ರಿಕ್ ಕಂಪನಿಯೊಳಗಿನ ಅಧ್ಯಯನ ಹೇಳಿದ್ದೂ ಇದನ್ನೇ: ಸಂಬಳದ ತೀರ್ಮಾನವನ್ನೂ ಕೆಲಸ ಸುಧಾರಿಸುವ ಮಾತನ್ನೂ ಒಂದೇ ಮೀಟಿಂಗಿನಲ್ಲಿ ಇಡಬೇಡಿ. ಟೀಕೆ ಕೇಳಿದವರು ಸುಧಾರಿಸುವ ಬದಲು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಿದ್ದರು ಎಂಬುದು ಅಲ್ಲಿ ಕಂಡುಬಂದಿತ್ತು. ಟೀಮ್ ಲೀಡ್, ಇದು ನಿಮಗೂ ಅನ್ವಯಿಸುತ್ತದೆ.

ಟೀಮ್ ಲೀಡ್: ಬೇರೆ ಟೀಮಿನಿಂದ ಡೇಟಾ ತಡವಾಗಿ ಬಂತು ಅಂದರೆ? ನನಗೆ ಅದು ಗೊತ್ತೇ ಇಲ್ಲದಿರಬಹುದು.

ಹೆಚ್‌ಆರ್‌ನವರು: ಅದು ನೆಪ ಅಂತ ಮೊದಲೇ ತೀರ್ಮಾನಿಸಬೇಡಿ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ: "ಡೇಟಾ 3ನೇ ತಾರೀಖಿಗೆ ಬರಬೇಕಿತ್ತು, 6ಕ್ಕೆ ಬಂತು, ಅಲ್ವಾ?" ಅವರು ಹೌದು ಅಂದರೆ ಬರೆದುಕೊಳ್ಳಿ. ಅಲ್ಲೇ ರೇಟಿಂಗ್ ಬದಲಿಸಬೇಡಿ, ಅಲ್ಲೇ ನಿರಾಕರಿಸಲೂಬೇಡಿ. "ಮೇಲ್ ನೋಡುತ್ತೇನೆ, ಗುರುವಾರದೊಳಗೆ ಹೇಳುತ್ತೇನೆ" ಅನ್ನಿ, ಹೇಳಿದ ದಿನ ಹೇಳಿ. ಆದರೆ ಮೇಲಿನವರು ರೇಟಿಂಗ್ ಅಂತಿಮ ಮಾಡಿಬಿಟ್ಟಿದ್ದರೆ ಬದಲಾಗಬಹುದು ಎಂಬ ಆಸೆ ಹುಟ್ಟಿಸಬೇಡಿ. ಅವರ ಮಾತನ್ನು ಫಾರ್ಮಿನ ಟಿಪ್ಪಣಿಯಲ್ಲಿ ಸೇರಿಸಬಹುದು, ಮೇಲ್ಮನವಿಗೆ ದಾರಿ ಇದ್ದರೆ ಅದನ್ನೂ ತಿಳಿಸಿ. 3ಕ್ಕೆ ಒಪ್ಪಿಗೆ ಸಿಗಲೇಬೇಕು ಅಂತೇನಿಲ್ಲ. ಯಾವ ಕಾರಣಕ್ಕೆ 3 ಎಂಬುದು ಅವರಿಗೆ ಗೊತ್ತಾಗಬೇಕು.

ಸೇಲ್ಸ್ ಮ್ಯಾನೇಜರ್: ಹಾಗಾದರೆ ಅಂಕಿ ಕೊನೆಗೆ ಹೇಳಬೇಕು ತಾನೇ? ಮೊದಲೇ ಹೇಳಿದರೆ ಮುಂದಿನ ಮಾತು ಕಿವಿಗೆ ಬೀಳಲ್ಲ.

ಹೆಚ್‌ಆರ್‌ನವರು: ಕೊನೆಯವರೆಗೂ ಹೇಳದಿದ್ದರೆ ಅವರು ಅದಕ್ಕೇ ಕಾಯುತ್ತಾ ಕೂರುತ್ತಾರೆ, ಆಗಲೂ ಬೀಳುವುದಿಲ್ಲ. ಅವರ ಮಾತು ಮುಗಿದ ಮೇಲೆ, ನಿಮ್ಮ ಉದಾಹರಣೆಗಳ ಜೊತೆಗೇ ಹೇಳುವುದು ನನಗೆ ಸರಿ ಕಾಣುತ್ತದೆ. ಅದಕ್ಕೇ ಮೀಟಿಂಗಿಗೆ ಮುಂಚೆ ಅವರು ತಮಗೆ ತಾವೇ ಹಾಕಿಕೊಂಡ ರೇಟಿಂಗನ್ನು ಬರೆಸಿ ತರಿಸಿಕೊಳ್ಳುವುದು: ಎಲ್ಲಿ ಅಂತರವಿದೆ ಎಂದು ಮೊದಲೇ ಗೊತ್ತಿರುತ್ತದೆ.

ಸೇಲ್ಸ್ ಮ್ಯಾನೇಜರ್: ನನ್ನ ಟೀಮಿನಲ್ಲಿ ಕೊನೆಗೇ ಹೇಳೋದು. ಅದನ್ನು ಬಿಡಲ್ಲ.

ಟೀಮ್ ಲೀಡ್: ಮುಗಿಸುವಾಗ ಏನು ಬರೆಯಬೇಕು? "ಸಮಯಪಾಲನೆ ಸುಧಾರಿಸಬೇಕು" ಸಾಕಾ?

ಹೆಚ್‌ಆರ್‌ನವರು: ಸಾಲದು. ಆರು ತಿಂಗಳ ನಂತರ ಅದು ಆಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಹೀಗಿರಲಿ: "ಪ್ರತಿ ತಿಂಗಳ 5ನೇ ತಾರೀಖಿಗೆ ವರದಿ. 3ರೊಳಗೆ ಡೇಟಾ ಬರದಿದ್ದರೆ ಅದೇ ದಿನ ಟೀಮ್ ಲೀಡ್‌ಗೆ ಮೇಲ್." ಕೆಳಗೆ ನಿಮ್ಮ ಪಾಲಿನ ಒಂದು ಸಾಲು: "ಡೇಟಾ ಕೊಡುವ ಟೀಮಿನ ಜೊತೆ ಈ ತಿಂಗಳೇ ಮಾತಾಡುತ್ತೇನೆ." ಇಂಥ ಎರಡು ಮೂರು ಒಪ್ಪಂದ ಇದ್ದರೆ ಸಾಕು, ಜಾಸ್ತಿ ಆದರೆ ಯಾವುದೂ ನಡೆಯುವುದಿಲ್ಲ. ಇವನ್ನು ನೀವು ಬರೆಯಬೇಡಿ, ಅವರೇ ಬರೆದು ಅಂದೇ ಕಳಿಸಲಿ. ನಿಮ್ಮಿಬ್ಬರಿಗೂ ಅರ್ಥವಾದದ್ದು ಬೇರೆ ಬೇರೆ ಇದ್ದರೆ ಆ ಮೇಲ್‌ನಲ್ಲೇ ಕಾಣುತ್ತದೆ. ಎರಡನೇ ವರದಿ ಬಂದ ಮೇಲೆ ಹದಿನೈದು ನಿಮಿಷ ಕೂರುವ ದಿನವನ್ನು ರೂಮಿನಿಂದ ಏಳುವ ಮೊದಲೇ ಕ್ಯಾಲೆಂಡರಿನಲ್ಲಿ ಹಾಕಿ.