ಮಡಿಕೆ ಬಿಡಿಸದೆ ಬಿಲ್ ಫೋಟೊ ತೆಗೀಬೇಡ

"ಅತ್ತೆ, ಅಂಗಡಿ ಹಾಕಿ ಇನ್ನೂ ಹೊಸತು. ಬಿಲ್ ಫೋಟೊ ನೋಡ್ಕೊಂಡು ರಾತ್ರಿ ಲೆಕ್ಕ ಬರೀತೀನಿ, ಅರ್ಧ ಅಂಕಿ ಗೊತ್ತೇ ಆಗಲ್ಲ. ಏನ್ ಮಾಡ್ಲಿ?"

ಕೇಳಿಸ್ಕೋ, ಮಡಿಕೆ ಬಿಡಿಸದೆ ಫೋಟೊ ತೆಗೀಬೇಡ. ನಮ್ಮಂಗಡಿಯಲ್ಲಿ ಆಗಿದ್ದು ನಿಮ್ಮಪ್ಪಂಗೂ ಗೊತ್ತು. ಮಾಲು ಇಳಿಸೋ ಹುಡುಗ ಬಿಲ್ಲನ್ನ ಜೇಬಲ್ಲಿ ಮಡಿಸಿಟ್ಟಿದ್ದ. ಹಾಗೇ ತೆಗೆದು, ಒಂದು ಕೈಯಲ್ಲಿ ಎತ್ತಿ ಹಿಡಿದು, ಓರೆಯಾಗಿ ಫೋಟೊ ಹೊಡೆದ. 12 ಡಬ್ಬಿ, ದರ 365. ಮಡಿಕೆ ಸರಿಯಾಗಿ 3ರ ಮೇಲೇ ಬಿದ್ದು ಅದು 8ರ ಥರ ಕಂಡಿದೆ. ಬರೆಯೋನು 865 ಅಂತ ಬರೆದ. ಮೊತ್ತದ ಸಾಲು ನೋಡಿದ್ರೆ ಅಲ್ಲೇ ಸಿಕ್ಕಿಬೀಳ್ತಿತ್ತು, ಆದ್ರೆ ಓರೆ ಫೋಟೊದಲ್ಲಿ ಬಲಗಡೆ ಅಂಚೇ ಇಲ್ಲ! 4380 ಇರಬೇಕಾದ್ದು ಪುಸ್ತಕದಲ್ಲಿ 10380 ಆಯ್ತು. ಬಾಕಿ ತೀರಿಸುವಾಗ 6000 ಜಾಸ್ತಿ ಕೊಟ್ಟೆವು.

ಆಮೇಲೆ ಅನುಮಾನ ಬಂದು ಅಸಲು ಬಿಲ್ ಹುಡುಕಿದ್ರೆ, ಆ ನುಣುಪು ಕಾಗದ ಬಿಳಿಚಿಕೊಂಡು ಕೂತಿದೆ. ಅದರ ಮೇಲಿರೋದು ಶಾಯಿ ಅಲ್ಲ, ಬಿಸಿ ತಾಗಿ ಕಪ್ಪಾದ ಅಕ್ಷರ. ಬಿಸಿಲಿಗೆ, ಸೆಕೆಗೆ, ಪ್ಲಾಸ್ಟಿಕ್ ಕವರಿಗೆಲ್ಲ ಮಾಸಿಹೋಗತ್ತೆ. ಸಗಟಿನವನು "ಬಿಲ್ ತೋರ್ಸಿ ಅಮ್ಮ" ಅಂದ. ಏನ್ ತೋರ್ಸೋದು? ಅವನ ಪುಸ್ತಕದಲ್ಲಿ ಇರಲಿಲ್ವಾ, ಬಾಯಿ ಬಿಡಲಿಲ್ಲ. ಅದಕ್ಕಿಂತ ಉರಿ ಹತ್ತಿದ್ದು ನಮ್ಮ ಭಾವನ ಮಾತಿಗೆ: "ಹೆಂಗಸರ ಕೈಗೆ ಲೆಕ್ಕ ಕೊಟ್ರೆ ಹೀಗೇ." ಫೋಟೊ ಹೊಡೆದೋನು ಯಾರೋ, ಬರೆದೋನು ಯಾರೋ, ಮಾತು ಮಾತ್ರ ನಂಗೆ. ಆ ವರ್ಷದ ಮದುವೆಯಲ್ಲೂ ಎಲ್ಲರೆದುರು ಅದನ್ನೇ ಅಂದ್ರು, ನಮ್ಮ ಮನೆಯವರ ಈ ವಾಟ್ಸಾಪ್ ಗ್ರೂಪಲ್ಲೇ ಇದ್ದಾರೆ, ಕೇಳಿಸ್ಕೊಳ್ಳಲಿ.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಮಡಿಕೆ ಬಿಡಿಸದೆ ಫೋಟೊ ತೆಗೀಬೇಡ.

ಅಯ್ಯೋ, ನೀನು ಕೇಳಿದ್ದು ಹೇಗೆ ಅಂತ ಅಲ್ವಾ. ಮಾಲು ಬಂದ ದಿನವೇ ತೆಗಿ. ಬಿಲ್ಲನ್ನ ಕಪ್ಪು ಮೇಜಿನ ಮೇಲೆ ಹಾಸಿ ಅಂಗೈಯಿಂದ ತೀಡು. ಕಿಟಕಿ ಬೆಳಕು ಪಕ್ಕದಿಂದ ಬರಲಿ, ನೆತ್ತಿ ಮೇಲಿನ ದೀಪ ಆದ್ರೆ ಫೋನಿನ ನೆರಳೇ ಅಂಕಿ ಮೇಲೆ ಬೀಳತ್ತೆ. ಫ್ಲ್ಯಾಶ್ ಹಾಕ್ಬೇಡ, ನುಣುಪು ಕಾಗದ ಹೊಳೆದು ನಡುವೆ ಬಿಳಿ ಮಚ್ಚೆ ಬರತ್ತೆ. ಫೋನನ್ನ ಬಿಲ್ಲಿನ ನೇರ ಮೇಲೆ, ಓರೆಯಿಲ್ದೆ ಹಿಡಿ. ನಾಲ್ಕೂ ಮೂಲೆ ಒಳಗಿರಲಿ. ಉದ್ದದ ಬಿಲ್ಲಾದ್ರೆ ಎರಡು ಫೋಟೊ ಮಾಡು, ಮೊದಲನೇದರ ಕೊನೆ ಎರಡು ಸಾಲು ಎರಡನೇದರಲ್ಲೂ ಬರಲಿ, ಆಗ ನಡುವಿನ ಸಾಲು ತಪ್ಪಲ್ಲ.

ಫೋಟೊ ಆದಮೇಲೆ ಬಿಲ್ ಎತ್ತಿಡೋ ಮುಂಚೆ ದೊಡ್ಡದು ಮಾಡಿ ಅತಿ ಚಿಕ್ಕ ಅಂಕಿ ಓದು, ದಶಮಾಂಶದ ಚುಕ್ಕಿ ಕಾಣ್ತಿದೆಯಾ ನೋಡು. ಬರೆಯುವಾಗ ಅನುಮಾನ ಬಂದ ಸಾಲಿನ ಮೊತ್ತವನ್ನ ಮಾಲಿನ ಸಂಖ್ಯೆಯಿಂದ ಭಾಗಿಸು. 4380ನ್ನ 12ರಿಂದ ಭಾಗಿಸಿದ್ರೆ 365 ಬಂತಲ್ಲ, ಇನ್ನು 865 ಹೇಗೆ ಬರತ್ತೆ? ಆಮೇಲೆ ಸಾಲುಗಳನ್ನೆಲ್ಲ ಕೂಡಿ, ತೆರಿಗೆ, ರಿಯಾಯಿತಿ ಲೆಕ್ಕ ಹಿಡಿದು ಕೆಳಗಿನ ಮೊತ್ತಕ್ಕೆ ತಾಳೆ ಹಾಕು. ಲೆಕ್ಕ ಬರೆಯೋರಿಗೆ ಕಳಿಸೋದಿದ್ರೆ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಕಳ್ಸು, ಮಾಮೂಲಿ ಫೋಟೊ ಥರ ಕಳಿಸಿದ್ರೆ ಅದು ಕುಗ್ಗಿ ಸಣ್ಣ ಅಂಕಿ ಮಸುಕಾಗತ್ತೆ.