ಪದಚರ್ಚೆ: ಗೋದಾಮಿನ ‘ಸೈಕಲ್ ಕೌಂಟ್ ರಿಕನ್ಸಿಲಿಯೇಷನ್’ಗೆ ಕನ್ನಡ — ನಾಳೆ ಸಂಜೆಯೊಳಗೆ ಬೇಕು

ಕೇಳಿದವರು: ಅನುವಾದದ ಮೇಜು

ಎಲ್ಲರಿಗೂ ನಮಸ್ಕಾರ. ನೆಲಮಂಗಲದ ಒಂದು ಗೋದಾಮಿನ ಟೀಮ್ ಲೀಡರ್‌ಗಳಿಗಾಗಿ ಕೆಲಸದ ಕ್ರಮ ತಿಳಿಸುವ ಹನ್ನೊಂದು ಪುಟದ ಎಸ್‌ಒಪಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಳಗಿನ ಪಠ್ಯ ಹೇಗೋ ಸಾಗಿದೆ, ಸಿಕ್ಕಿಹಾಕಿಕೊಂಡಿರುವುದು ಶೀರ್ಷಿಕೆಯಲ್ಲಿ: ‘ಸೈಕಲ್ ಕೌಂಟ್ ರಿಕನ್ಸಿಲಿಯೇಷನ್ ಮತ್ತು ವೇರಿಯನ್ಸ್ ಇನ್ವೆಸ್ಟಿಗೇಷನ್’. ಇದೇ ಸಾಲು ದೊಡ್ಡಕ್ಷರದಲ್ಲಿ ಗೋಡೆಯ ಫಲಕಕ್ಕೂ ಹೋಗುತ್ತದೆ. ನಾನು ಬರೆದಿಟ್ಟದ್ದು ‘ಆವರ್ತಕ ಎಣಿಕೆಯ ಹೊಂದಾಣಿಕೆ ಮತ್ತು ವ್ಯತ್ಯಾಸದ ತನಿಖೆ’. ಓದಿದರೆ ಸರ್ಕಾರಿ ಸುತ್ತೋಲೆಯ ವಾಸನೆ. ಇದಕ್ಕಿಂತ ಚೆನ್ನಾಗಿರುವುದು ಇದೆಯೇ?

ಅಚ್ಚನುಡಿ

ಸುತ್ತೋಲೆಯ ವಾಸನೆ ಬರದೆ ಇನ್ನೇನು? ‘ಆವರ್ತಕ’, ‘ವ್ಯತ್ಯಾಸ’ ಎರಡೂ ಸಂಸ್ಕೃತ, ‘ತನಿಖೆ’ ಅರಬ್ಬಿ. ‘ಮತ್ತು’ ಬಿಟ್ಟರೆ ಐದು ಪದಗಳಲ್ಲಿ ಮೂರು ಹೊರಗಿನವು. ‘ಸುತ್ತೆಣಿಕೆ’ ಅನ್ನಿ, ‘ಏರುಪೇರು’ ಅನ್ನಿ, ‘ಹುಡುಕಾಟ’ ಅನ್ನಿ. ‘ಸುತ್ತೆಣಿಕೆಯ ಒಪ್ಪುನೋಟ, ಏರುಪೇರಿನ ಹುಡುಕಾಟ’. ಮುಗಿಯಿತು.

ಪೀಣ್ಯದಿಂದ

ಸೈಕಲ್ ಕೌಂಟ್ ಅಂದರೆ ಯಂತ್ರ ಎಷ್ಟು ಸಲ ತೆರೆದು ಮುಚ್ಚಿತು ಅನ್ನುವ ಲೆಕ್ಕವಲ್ಲವೇ? ನಮ್ಮ ಮೋಲ್ಡಿಂಗ್ ಶಾಪ್‌ನಲ್ಲಿ ಮೋಲ್ಡಿಗೆ ಒಂದು ಕೌಂಟರ್ ಕೂರಿಸಿರುತ್ತಾರೆ, ಅದರ ಅಂಕಿ ನೋಡಿ ಸರ್ವಿಸಿಗೆ ಇಳಿಸುತ್ತೇವೆ. ಹಾಗಾದರೆ ‘ಆವರ್ತನ ಗಣಕ’ ಸರಿಹೋಗುತ್ತದೆ. ಗೋದಾಮಿನಲ್ಲಿ ಅದಕ್ಕೇನು ಕೆಲಸವೋ ತಿಳಿಯಲಿಲ್ಲ.

ಸ್ಟೋರ್ಸ್ ಮನುಷ್ಯ

ಪೀಣ್ಯದವರೇ, ಅದು ಬೇರೆ, ಇದು ಬೇರೆ. ಇಲ್ಲಿ ಸೈಕಲ್ ಎಂದರೆ ಸರದಿ. ವರ್ಷಕ್ಕೊಮ್ಮೆ ಗೋದಾಮು ಮುಚ್ಚಿ ಎಲ್ಲವನ್ನೂ ಎಣಿಸುವ ಬದಲು ದಿನಕ್ಕಿಷ್ಟು ಬಿನ್, ಅಂದರೆ ರ‍್ಯಾಕಿನ ಇಷ್ಟು ಖಾನೆ, ಎಂದು ಸರದಿಯ ಮೇಲೆ ಎಣಿಸುತ್ತಾರೆ. ಬೆಲೆಬಾಳುವ, ಜಾಸ್ತಿ ಓಡಾಡುವ ಎ ವರ್ಗದ ಮಾಲಿಗೆ ಬೇಗ ಬೇಗ ಸರದಿ ಬರುತ್ತದೆ, ಸಿ ವರ್ಗಕ್ಕೆ ಅಪರೂಪಕ್ಕೆ. ಹಾಗಾಗಿ ‘ಸರದಿ ಎಣಿಕೆ’. ‘ಸುತ್ತೆಣಿಕೆ’ ಅಂದರೆ ಹುಡುಗರು ಗೋದಾಮು ಪೂರ್ತಿ ಒಂದು ಸುತ್ತು ಹಾಕಿ ಎಣಿಸಬೇಕು ಅಂದುಕೊಳ್ಳುತ್ತಾರೆ. ‘ಪಾಳಿ ಎಣಿಕೆ’ ಬೇಡ, ಅದು ಶಿಫ್ಟಿನ ಎಣಿಕೆಯಾಗಿಬಿಡುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ‘ಹೊಂದಾಣಿಕೆ’ಯಲ್ಲಿದೆ. ಅನುವಾದದ ಮೇಡಂ, ದಯವಿಟ್ಟು ಆ ಪದ ಫಲಕಕ್ಕೆ ಹೋಗದ ಹಾಗೆ ನೋಡಿಕೊಳ್ಳಿ. ‘ಹೊಂದಾಣಿಕೆ ಮಾಡಿ’ ಎಂದು ಗೋಡೆಯ ಮೇಲೆ ಬರೆದರೆ ಟೀಮ್ ಲೀಡರ್ ಅದನ್ನೇ ಮಾಡುತ್ತಾನೆ: ಎಣಿಕೆಯ ಅಂಕಿಗೆ ಸಿಸ್ಟಮ್ಮಿನ ಅಂಕಿಯನ್ನು ಹೊಂದಿಸಿ ಮನೆಗೆ ಹೋಗುತ್ತಾನೆ. ಎಸ್‌ಒಪಿ ಇರುವುದೇ ಅದನ್ನು ತಡೆಯುವುದಕ್ಕೆ.

ಲೆಕ್ಕದ ಮೇಷ್ಟ್ರು

ಮೂವತ್ತು ವರ್ಷ ವಾಣಿಜ್ಯ ಪಾಠ ಮಾಡಿದವನು ನಾನು. ಬ್ಯಾಂಕಿನ ಪಾಸ್‌ಪುಸ್ತಕ, ನಗದು ಪುಸ್ತಕ ಎರಡನ್ನೂ ಎದುರುಬದುರು ಇಟ್ಟು ಸರಿ ನೋಡುವುದಕ್ಕೆ ನಾವು ‘ಹೊಂದಾಣಿಕೆ’ ಎಂದೇ ಕಲಿಸಿದ್ದು. ರೂಢಿಯಲ್ಲಿರುವ ಪದವನ್ನು ಏಕೆ ಬಿಡಬೇಕು? ಇನ್ನು ವೇರಿಯನ್ಸ್‌ಗೆ ‘ವ್ಯತ್ಯಾಸ’ ಸಡಿಲ ಪದ. ಸಂಖ್ಯಾಶಾಸ್ತ್ರದ ‘ವಿಚಲನೆ’ ಬಳಸಿದರೆ ಖಚಿತವಾಗುತ್ತದೆ.

ಸ್ಟೋರ್ಸ್ ಮನುಷ್ಯ

ಮೇಷ್ಟ್ರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಬ್ಯಾಂಕಿನ ವಿಷಯದಲ್ಲಿ ಸರಿ. ಆದರೆ ವರ್ಷಾಂತ್ಯದ ತಿದ್ದುಪಡಿ ನಮೂದಿಗೂ ನೀವು ‘ಹೊಂದಾಣಿಕೆ’ ಎಂದೇ ಹೇಳುತ್ತೀರಿ. ಎರಡು ಅಂಕಿಗಳನ್ನು ಎದುರಿಗಿಟ್ಟು ನೋಡುವುದು, ಪುಸ್ತಕದ ಅಂಕಿಯನ್ನು ಬದಲಿಸುವುದು, ಎರಡಕ್ಕೂ ಒಂದೇ ಪದ. ತರಗತಿಯಲ್ಲಿ ಅದು ನಡೆಯುತ್ತದೆ, ರ‍್ಯಾಕಿನ ಮುಂದೆ ನಡೆಯುವುದಿಲ್ಲ. ‘ವಿಚಲನೆ’ ಬೇಡವೇ ಬೇಡ. ಅದು ಸರಾಸರಿಯಿಂದ ಎಷ್ಟು ದೂರ ಎನ್ನುವ ಲೆಕ್ಕ. ಇಲ್ಲಿ ಇರುವುದು 240ರಲ್ಲಿ 228 ಕಳೆಯುವ ಲೆಕ್ಕ.

ಒಂದು ಬಿನ್ ತೆಗೆದುಕೊಂಡು ಹೇಳುತ್ತೇನೆ. B-14-03ರಲ್ಲಿ ಗುಲಾಬಿ ಪರಿಮಳದ ಹ್ಯಾಂಡ್‌ವಾಶ್, ಪೆಟ್ಟಿಗೆಗೆ 12. ಎಣಿಕೆ ಚೀಟಿ ತೆಗೆದದ್ದು 10:30ಕ್ಕೆ, ಆಗ ಸಿಸ್ಟಮ್ಮಿನಲ್ಲಿ 240. ಹುಡುಗ ಬಿನ್ ಮುಂದೆ ನಿಂತು ಎಣಿಸಿದ್ದು 11:10ಕ್ಕೆ. ಸಿಕ್ಕಿದ್ದು 19 ಪೆಟ್ಟಿಗೆ, ಅಂದರೆ 228. ಚೀಟಿ ನೋಡಿದವರು ‘12 ಶಾರ್ಟ್’ ಎನ್ನುತ್ತಾರೆ.

ಆದರೆ ನಡುವೆ 10:50ಕ್ಕೆ ಒಂದು ಆರ್ಡರಿಗೆ 24 ಪಿಕ್ ಆಗಿದೆ. ಹಾಗಾದರೆ 11:10ಕ್ಕೆ ಬಿನ್ನಿನಲ್ಲಿ ಇರಬೇಕಾದದ್ದು 216. ಇರುವುದು 228. ಕಡಿಮೆ ಅಲ್ಲ, 12 ಹೆಚ್ಚು! ತಾಳೆ ನೋಡದೆ ‘ಮೈನಸ್ 12’ ಎಂದು ಒತ್ತಿದರೆ ಸಿಸ್ಟಮ್ 204ಕ್ಕೆ ಇಳಿಯುತ್ತದೆ, ಬಿನ್ನಿನಲ್ಲಿ 228 ಕೂತಿರುತ್ತದೆ. 12ರ ತಪ್ಪು ತಿದ್ದಲು ಹೋಗಿ 24ರ ತಪ್ಪು. ಚೀಟಿಯ ಹೊತ್ತು, ಎಣಿಸಿದ ಹೊತ್ತು, ನಡುವಿನ ಓಡಾಟ, ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡುವುದೇ ರಿಕನ್ಸಿಲಿಯೇಷನ್. ಕನ್ನಡದಲ್ಲಿ ಅದಕ್ಕೆ ‘ತಾಳೆ ನೋಡುವುದು’ ಅಂತ ಮೊದಲಿಂದ ಇದೆ.

ಹೊಸಕೋಟೆ ಓದುಗ

ತಾಳೆ ಇಂಗ್ಲಿಷಿನ ಟ್ಯಾಲಿಯಿಂದ ಬಂದದ್ದು. ಆ ಅಕೌಂಟ್ಸ್ ಸಾಫ್ಟ್‌ವೇರ್ ಹೆಸರೂ ಅದೇ. ಎರವಲು ಬೇಡ ಅನ್ನುವವರು ಇದನ್ನೂ ಬಿಡಬೇಕಾಗುತ್ತದೆ.

ಅಚ್ಚನುಡಿ

ತಪ್ಪು. ಧ್ವನಿ ಒಂದೇ ಥರ ಕೇಳಿಸಿದರೆ ಬೇರು ಒಂದೇ ಆಗುವುದಿಲ್ಲ. ಇಂಗ್ಲಿಷಿನ ಟ್ಯಾಲಿ ಲ್ಯಾಟಿನ್ನಿನ ‘ತಾಲೆಯಾ’ದಿಂದ ಬಂದದ್ದು, ಅರ್ಥ ಕಡ್ಡಿ. ಕಚ್ಚು ಹಾಕಿ ಲೆಕ್ಕ ಇಡುತ್ತಿದ್ದ ಕಡ್ಡಿ. ನಮ್ಮ ತಾಳೆಗೆ ನೆಂಟ ಹುಡುಕುವುದಾದರೆ ಪಕ್ಕದಲ್ಲೇ ಮರಾಠಿಯ ‘ತಾಳಾ’ ಇದೆ, ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುವುದು. ಅವರು ಬ್ಯಾಲೆನ್ಸ್ ಶೀಟಿಗೆ ‘ತಾಳೇಬಂದ’ ಎನ್ನುತ್ತಾರೆ.

ಲೆಕ್ಕದ ಮೇಷ್ಟ್ರು

ಅಂದರೆ ಮರಾಠಿ ಆದರೆ ಆಗಬಹುದು, ಸಂಸ್ಕೃತ ಆದರೆ ಆಗದು! ಇದು ಯಾವ ನ್ಯಾಯ ಸ್ವಾಮಿ? ಸಹಕಾರ ಸಂಘದ ಪುಸ್ತಕ ತೆರೆದು ನೋಡಿ. ಆರಂಭದ ಶಿಲ್ಕು, ಅಖೈರು ಶಿಲ್ಕು, ಅಢಾವೆ ಪತ್ರಿಕೆ. ಇವನ್ನೆಲ್ಲ ತೆಗೆದು ಏನು ಹಾಕುತ್ತೀರಿ?

ಅಚ್ಚನುಡಿ

ಮರಾಠಿಯಿಂದ ಬಂತು ಎಂದು ನಾನು ಹೇಳಲಿಲ್ಲ, ನೆಂಟ ಎಂದೆ. ಓದಿ ಬರೆಯಿರಿ.

ಅನುವಾದದ ಮೇಜು

ದಯವಿಟ್ಟು ಶಿಲ್ಕಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ನನಗೆ ನಾಳೆ ಸಂಜೆ ಗಡುವು. ‘ತಾಳೆ’ ಒಪ್ಪಿದೆ. ಸ್ಟೋರ್ಸ್‌ನವರೇ, ಆ 12 ಹೆಚ್ಚಾದದ್ದು ಹೇಗೆ? ಮೂಲದಲ್ಲಿ ಇನ್ವೆಸ್ಟಿಗೇಷನ್ ಭಾಗವೇ ನಾಲ್ಕು ಪುಟ ಇದೆ. ಅದಕ್ಕೆ ‘ತನಿಖೆ’ ಸಲ್ಲುತ್ತದೆಯೇ?

ಸ್ಟೋರ್ಸ್ ಮನುಷ್ಯ

ಮೊದಲು ಇನ್ನೊಬ್ಬರಿಂದ ಮರುಎಣಿಕೆ. ಅವರಿಗೆ ಸಿಸ್ಟಮ್ಮಿನ ಅಂಕಿಯನ್ನೂ ಹೇಳಬಾರದು, ಮೊದಲನೆಯವನ ಅಂಕಿಯನ್ನೂ ಹೇಳಬಾರದು. ಹೇಳಿದರೆ ಕಣ್ಣು ಆ ಅಂಕಿಗೇ ಎಣಿಸಿಕೊಡುತ್ತದೆ. (ಬ್ಲೈಂಡ್ ಕೌಂಟ್ ಅನ್ನು ‘ಕುರುಡು ಎಣಿಕೆ’ ಮಾಡಿದ್ದರೆ ತೆಗೆದುಬಿಡಿ. ‘ಅಂಕಿ ತೋರಿಸದ ಎಣಿಕೆ’ ಸಾಕು.) ಮರುಎಣಿಕೆಯಲ್ಲೂ 228 ಬಂತು ಅಂತ ಇಟ್ಟುಕೊಳ್ಳಿ. ಆಮೇಲೆ ಅಕ್ಕಪಕ್ಕದ ಬಿನ್. B-14-04ರಲ್ಲಿ ಅದೇ ಹ್ಯಾಂಡ್‌ವಾಶ್, ನಿಂಬೆ ಪರಿಮಳ, ಪೆಟ್ಟಿಗೆಯ ಬಣ್ಣ ಅಳತೆ ಎರಡೂ ಒಂದೇ. ಸಿಸ್ಟಮ್ಮಿನಲ್ಲಿ 120, ಎಣಿಸಿದರೆ 108. ಇಲ್ಲಿ 12 ಹೆಚ್ಚು, ಅಲ್ಲಿ 12 ಕಡಿಮೆ, ಅಲ್ಲಿಗೆ ದಾರಿ ಸಿಕ್ಕಿತು: 10:50ರ ಪಿಕ್‌ನಲ್ಲಿ ಎರಡು ಪೆಟ್ಟಿಗೆಯ ಪೈಕಿ ಒಂದನ್ನು ಪಕ್ಕದ ಬಿನ್ನಿನಿಂದ ಎತ್ತಿದ್ದಾರೆ. ಸ್ಕ್ಯಾನರ್ ಏಕೆ ಹಿಡಿಯಲಿಲ್ಲ? ಪಿಕ್ ಮಾಡಿದವರು ಒಂದು ಪೆಟ್ಟಿಗೆ ಸ್ಕ್ಯಾನ್ ಮಾಡಿ, 24 ಎಂದು ಕೈಯಲ್ಲಿ ಟೈಪ್ ಮಾಡಿದರೆ ಎರಡನೆಯ ಪೆಟ್ಟಿಗೆಯ ಬಾರ್‌ಕೋಡ್ ಅದು ನೋಡುವುದೇ ಇಲ್ಲ.

ಲಾರಿ ಹೊರಡುವ ಮೊದಲು ಸಿಕ್ಕಿದರೆ ಡಾಕ್‌ನಲ್ಲಿರುವ ಆ ಆರ್ಡರಿನ ಪೆಟ್ಟಿಗೆ ನೋಡಬೇಕು. ನಿಂಬೆಯದ್ದನ್ನು 04ಕ್ಕೆ ಹಾಕಿ, 03ರಿಂದ ಒಂದು ಗುಲಾಬಿ ತಂದು ಆರ್ಡರಿಗೆ ಸೇರಿಸಿದರೆ 216, 120. ಸಿಸ್ಟಮ್ಮಿನಲ್ಲಿ ಒಂದು ಅಂಕಿಯನ್ನೂ ಮುಟ್ಟಬೇಕಿಲ್ಲ. ಅದೇ ಅವಸರಕ್ಕೆ ಎರಡೂ ಬಿನ್ ತಿದ್ದಿಬಿಟ್ಟಿದ್ದರೆ ಪುಸ್ತಕವೇನೋ ಸರಿಯಾಗುತ್ತಿತ್ತು, ಗಿರಾಕಿಗೆ ತಪ್ಪು ಮಾಲು ಹೋಗುತ್ತಿತ್ತು. ತಿಂಗಳ ಕೊನೆಯ ವರದಿಯಲ್ಲೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಹೆಚ್ಚು 12, ಕಡಿಮೆ 12, ನಿವ್ವಳ ಸೊನ್ನೆ. ನಿಮ್ಮ ಮೂಲದಲ್ಲಿ ನೆಟ್, ಗ್ರಾಸ್ ಅಂತ ಎರಡು ಕಾಲಂ ಇದ್ದರೆ ಎರಡನೆಯದಕ್ಕೆ ಬರಿ ‘ಒಟ್ಟು’ ಎಂದು ಬರೆಯಬೇಡಿ, ಕೂಡಿ ಕಳೆದು ಸೊನ್ನೆ ಮಾಡಿಬಿಡುತ್ತಾರೆ. ‘ಹೆಚ್ಚು, ಕಡಿಮೆ ಎರಡನ್ನೂ ಕೂಡಿಸಿದ ಮೊತ್ತ’ ಎಂದು ಉದ್ದಕ್ಕೆ ಬರೆಯಿರಿ. ಇಲ್ಲಿ ಅದು 24.

‘ತನಿಖೆ’ ಬಗ್ಗೆ: ಬೇಡ. ಆ ಪದ ಕೇಳಿದೊಡನೆ ಕಳ್ಳತನದ ಗುಮಾನಿ ನಮ್ಮ ಮೇಲೆ ಅಂತ ಹುಡುಗರು ತಿಳಿಯುತ್ತಾರೆ. ಮುಂದಿನ ಸಲ ಎಣಿಕೆ ಸಿಸ್ಟಮ್ಮಿಗೆ ಸರಿಯಾಗಿ ‘ಬರುವಂತೆ’ ಬರೆದುಕೊಡುತ್ತಾರೆ. ‘ಕಾರಣ ಪತ್ತೆ’ ಹಾಕಿ.

ಹೊಸಕೋಟೆ ಓದುಗ

‘ಪತ್ತೆ’ ಮಾತ್ರ ಪೊಲೀಸರದ್ದಲ್ಲವೇ? ಪತ್ತೆದಾರಿ ಎಲ್ಲಿಂದ ಬಂತು?

ಲೆಕ್ಕದ ಮೇಷ್ಟ್ರು

‘ಪರಿಶೀಲನೆ’ ಗಂಭೀರವಾಗಿಯೂ ಇದೆ, ಯಾರಿಗೂ ನೋಯುವುದಿಲ್ಲ.

ಸ್ಟೋರ್ಸ್ ಮನುಷ್ಯ

ಪರಿಶೀಲನೆ ಎಂದರೆ ನೋಡಿ ಸಹಿ ಹಾಕುವುದು. ಕಾರಣ ಸಿಗಲೇಬೇಕು ಎನ್ನುವ ಒತ್ತು ಅದರಲ್ಲಿಲ್ಲ.

ಅನುವಾದದ ಮೇಜು

ಸದ್ಯಕ್ಕೆ ಫಲಕಕ್ಕೆ ಹೀಗೆ ಬರೆದಿದ್ದೇನೆ: ‘ಸರದಿ ಎಣಿಕೆ: ತಾಳೆ ನೋಡಿ, ಕಾರಣ ಹುಡುಕಿ, ಆಮೇಲೆ ತಿದ್ದಿ’. ‘ಹುಡುಕಿ’ ಎನ್ನುವುದು ಅಚ್ಚನುಡಿಯವರ ಹುಡುಕಾಟದಿಂದಲೇ ತೆಗೆದುಕೊಂಡದ್ದು. ಒಳಪುಟಗಳಲ್ಲಿ ವೇರಿಯನ್ಸ್‌ಗೆ ‘ವ್ಯತ್ಯಾಸ’, ಅದರ ಮುಂದೆ ‘ಹೆಚ್ಚು’ ಅಥವಾ ‘ಕಡಿಮೆ’ ಕಡ್ಡಾಯ. ಟಾಲರೆನ್ಸ್‌ಗೆ ‘ಸಹನಾ ಮಿತಿ’ ಬರೆದಿದ್ದೆ, ನನಗೇ ನಗು ಬಂತು.

ಸ್ಟೋರ್ಸ್ ಮನುಷ್ಯ

‘ಬಿಡಬಹುದಾದ ವ್ಯತ್ಯಾಸ’. ಅದು ಸಂಖ್ಯೆಯಲ್ಲೋ ರೂಪಾಯಿಯಲ್ಲೋ ಎಂದು ಪಕ್ಕದಲ್ಲೇ ಇರಲಿ. 5 ಎಂದಷ್ಟೇ ಬರೆದರೆ ಐದು ಸ್ಕ್ರೂ ಬಿಡುವವನು ಐದು ಮೊಬೈಲನ್ನೂ ಬಿಡುತ್ತಾನೆ. ಫಲಕದಲ್ಲಿ ‘ತಿದ್ದಿ’ ಎನ್ನುವುದು ನನಗೆ ಇನ್ನೂ ಚುಚ್ಚುತ್ತಿದೆ. ತಿದ್ದುವ ಅಧಿಕಾರ ಟೀಮ್ ಲೀಡರ್‌ಗೆ ಇದೆಯೇ, ಅಥವಾ ಅವರು ಬರೆದುಕೊಟ್ಟು ಇನ್ನೊಬ್ಬರು ಮಂಜೂರು ಮಾಡಬೇಕೇ? ಮೂಲ ನೋಡಿ ಹೇಳಿ.

ಅನುವಾದದ ಮೇಜು

ಮೂಲದಲ್ಲಿ ಸ್ಪಷ್ಟವಿಲ್ಲ. ಬೆಳಿಗ್ಗೆ ಅವರನ್ನೇ ಕೇಳುತ್ತೇನೆ.

ಅಚ್ಚನುಡಿ

‘ಮಂಜೂರು’ ಕೂಡ ಅರಬ್ಬಿ.