ವಾಟ್ಸಾಪ್‌ನಲ್ಲಿ ಬ್ರೋಕರ್‌ಗೆ ಕಳಿಸಿದ ಆಧಾರ್ ಫೋಟೋ ಅಳಿಸುವುದು ಹೇಗೆ?

ಮಲ್ಲಿಗೆ_ಹಾಸನ: ಬಾಡಿಗೆ ಕರಾರಿಗೆ ಬೇಕು ಅಂತ ಬ್ರೋಕರ್ ಕೇಳಿದ್ದಕ್ಕೆ ಹೋದ ವಾರ ಆಧಾರ್‌ನ ಎರಡೂ ಬದಿಯ ಫೋಟೋ ಕಳಿಸಿದ್ದೆ. ಈಗ ಆ ಮನೆ ಬೇಡವಾಗಿದೆ. ಫೋಟೋ ಒತ್ತಿ ಹಿಡಿದರೆ `Delete for me` ಮಾತ್ರ ಬರುತ್ತದೆ, `Delete for everyone` ಕಾಣುತ್ತಿಲ್ಲ. ನನ್ನದು ಆಂಡ್ರಾಯ್ಡ್ ಫೋನ್.

ಗಿರಿ_ತುಮಕೂರು: ಇಡೀ ಚಾಟ್ ಅಳಿಸಿಬಿಡಿ. ವಾಟ್ಸಾಪ್ ತನ್ನ ಸರ್ವರ್‌ನಲ್ಲಿ ಫೋಟೋ ಇಟ್ಟುಕೊಳ್ಳುವುದಿಲ್ಲ, ಅಲ್ಲಿಗೆ ಮುಗೀತು.

ಶ್ರೀಧರ್_ಸರ್ವಿಸ್: ಗಿರಿ ಅವರೇ, ಸರ್ವರ್ ವಿಷಯ ಹೆಚ್ಚುಕಮ್ಮಿ ಸರಿ. ಆ ಕಡೆ ತಲುಪದೆ ಉಳಿದದ್ದು ಮಾತ್ರ ಅಲ್ಲಿ 30 ದಿನ ಇರುತ್ತದೆ. ಆದರೆ ಈ ಫೋಟೋ ಬ್ರೋಕರ್ ಫೋನಿಗೆ ಇಳಿದಾಗಿದೆ. ಇವರು ಚಾಟ್ ಅಳಿಸಿದರೆ ಇವರ ಫೋನಿನದು ಮಾತ್ರ ಹೋಗುತ್ತದೆ.

ಮಲ್ಲಿಗೆ ಅವರೇ, ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಇರುತ್ತದೆ. ನಿಮ್ಮದು ದಾಟಿದೆ. ಇನ್ನು ಅವರೇ ಅಳಿಸಬೇಕು. ಚಾಟ್‌ನಿಂದ ತೆಗೆದರೆ ಸಾಲದು, ಗ್ಯಾಲರಿ ಮತ್ತು ಅದರ ಟ್ರ್ಯಾಶ್‌ನಿಂದಲೂ ತೆಗೆಯಲು ಹೇಳಿ. ನೀವು ಮಾತ್ರ ಸದ್ಯಕ್ಕೆ ಚಾಟ್ ಅಳಿಸಬೇಡಿ. ಯಾರಿಗೆ, ಯಾವತ್ತು ಕಳಿಸಿದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಕಾವೇರಿ_ದುಬೈ: ನಾನು ಪಾಸ್‌ಪೋರ್ಟ್ ಫೋಟೋ ಕಳಿಸಿ ಹತ್ತೇ ನಿಮಿಷದಲ್ಲಿ ಎಲ್ಲರಿಗೂ ಅಳಿಸಿದ್ದೆ. ಮೆಸೇಜ್ ಅಳಿಸಲಾಗಿದೆ ಅಂತ ಬಂತು. ಆದರೂ ನನ್ನ ನಾದಿನಿಯ ಐಫೋನ್‌ನ ಫೋಟೋಸ್‌ನಲ್ಲಿ ಅದು ಹಾಗೇ ಇತ್ತು!

ಶ್ರೀಧರ್_ಸರ್ವಿಸ್: ಹೌದು, ಐಫೋನ್‌ನಲ್ಲಿ ಫೋಟೋಸ್‌ಗೆ ಸೇವ್ ಆಗಿದ್ದರೆ ಉಳಿಯುತ್ತದೆ. ಸ್ಕ್ರೀನ್‌ಶಾಟ್, ಮುಂದಕ್ಕೆ ಕಳಿಸಿದ ಪ್ರತಿ, ತೆಗೆದ ಪ್ರಿಂಟ್, ಇದ್ಯಾವುದೂ ನಮ್ಮ ಕೈಯಲ್ಲಿಲ್ಲ.

ಗಿರಿ_ತುಮಕೂರು: ಹಾಗಾದ್ರೆ ನಮ್ಮ ಫೋನಿನಲ್ಲಾದರೂ ಪೂರ್ತಿ ಹೋಗುತ್ತಾ?

ಶ್ರೀಧರ್_ಸರ್ವಿಸ್: ಅಳಿಸುವಾಗ ಫೋನಿನ ಫೈಲನ್ನೂ ತೆಗೆಯುವ ಟಿಕ್ ಬಂದರೆ ಹಾಕಿ. ಆಮೇಲೆ ಫೈಲ್ ಮ್ಯಾನೇಜರ್‌ನಲ್ಲಿ ಈ ಫೋಲ್ಡರ್ ನೋಡಿ:

```
Android/media/com.whatsapp/WhatsApp/Media/WhatsApp Images/Sent
```

ಗ್ಯಾಲರಿಯಿಂದ ಆರಿಸಿ ಕಳಿಸಿದ್ದರೆ ಇದು ಬೇರೆ ಪ್ರತಿ, ಕ್ಯಾಮೆರಾ ಫೋಲ್ಡರ್‌ನ ಮೂಲ ಫೋಟೋ ಬೇರೆ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ ಅಳಿಸಿದ ಮೇಲೂ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಅದನ್ನೂ ಖಾಲಿ ಮಾಡಿ.

ಮಲ್ಲಿಗೆ_ಹಾಸನ: ಬ್ರೋಕರ್‌ಗೆ ಫೋನ್ ಮಾಡಿದೆ. "ಅಳಿಸಿದೀನಿ ಮೇಡಂ" ಅಂದರು. ನಂಬೋದು ಹೇಗೆ?

ಶ್ರೀಧರ್_ಸರ್ವಿಸ್: ಪರೀಕ್ಷಿಸಲು ದಾರಿ ಇಲ್ಲ. ಅದಕ್ಕೇ ಫೋಟೋ ಹೊರಗಿದೆ ಅಂತಲೇ ಲೆಕ್ಕ ಹಾಕಿ. ಯುಐಡಿಎಐನ ಮೈಆಧಾರ್ ಸೈಟ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಅಲ್ಲೇ ಅಥೆಂಟಿಕೇಶನ್ ಹಿಸ್ಟರಿ ಸಿಗುತ್ತದೆ, ನೀವು ಮಾಡದ ಒಟಿಪಿ ಅಥವಾ ಬೆರಳಚ್ಚು ದಾಖಲೆ ಇದೆಯಾ ನೋಡಿ. ಮುಂದಿನ ಮನೆಗೆ ಮಾಸ್ಕ್ಡ್ ಆಧಾರ್ ಕೊಡಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ.

ಮಲ್ಲಿಗೆ_ಹಾಸನ: ಲಾಕ್ ಆಯ್ತು, ಹಿಸ್ಟರಿಯಲ್ಲೂ ಅನುಮಾನದ್ದು ಏನಿಲ್ಲ. ಆದರೆ ಆ ಫೋಟೋದ ಪ್ರಿಂಟ್ ಕೊಟ್ಟು ಯಾರಾದರೂ ಸಿಮ್ ತಗೊಂಡರೆ ಈ ಹಿಸ್ಟರಿಯಲ್ಲಿ ಬರುತ್ತಾ?

ಶ್ರೀಧರ್_ಸರ್ವಿಸ್: ಬರಲ್ಲ. ಬರೀ ಪ್ರಿಂಟ್ ಕೊಟ್ಟರೆ ಆಧಾರ್ ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಸಿಮ್‌ಗೆ ಸಂಚಾರ್ ಸಾಥಿ ಸೈಟ್‌ನಲ್ಲಿ ನಿಮ್ಮ ಹೆಸರಿನ ನಂಬರ್‌ಗಳನ್ನು ನೋಡಬಹುದು. ಬೇರೆ ಕಡೆ ಬಳಸಿದರೆ ಹಾಗೆ ಒಂದೇ ಕಡೆ ನೋಡುವ ಪಟ್ಟಿ ನನಗೆ ಸಿಕ್ಕಿಲ್ಲ. ಗೊತ್ತಿದ್ದವರು ಹಾಕಿ.